ಬ್ಯಾಂಕಿಗೊಂದು ಮೇಲ್, ಊರಿಗೊಂದು ಮೇಲ್

"ನಿಮ್ಮ ಖಾತೆಯ ಕೆವೈಸಿ ಅವಧಿ ಮುಗಿದಿದೆ, ಇಂದೇ ಅಪ್‌ಡೇಟ್ ಮಾಡಿ" ಅಂತ ಒಂದು ಮೇಲ್ ಬಂತು ಅನ್ನಿ. ಅದು ಅಸಲಿಯೋ ನಕಲಿಯೋ ಗೊತ್ತುಮಾಡಿಕೊಳ್ಳುವುದು ಹೇಗೆ? ಬ್ಯಾಂಕಿನವರು, ಪೊಲೀಸರು, ಪತ್ರಿಕೆಗಳ ತಂತ್ರಜ್ಞಾನದ ಪುಟಗಳು ವರ್ಷಗಳಿಂದ ಒಪ್ಪಿಸುತ್ತಿರುವ ಪಾಠ ಒಂದೇ. ಕಳಿಸಿದವರ ವಿಳಾಸದ ಸ್ಪೆಲಿಂಗ್ ನೋಡಿ, ಲಿಂಕ್ ಎಲ್ಲಿಗೆ ಹೋಗುತ್ತದೆ ನೋಡಿ, ಇಂಗ್ಲಿಷಿನ ವ್ಯಾಕರಣ ತಪ್ಪಿದೆಯಾ ನೋಡಿ. ಅಂದರೆ ಹೊಲದಿಂದ ಬಂದು ಫೋನ್ ತೆಗೆದವನು ಮೊದಲು ಇಂಗ್ಲಿಷ್ ಪ್ರೂಫ್ ರೀಡರ್ ಆಗಬೇಕು. ಆಗದೆ ಮೋಸ ಹೋದರೆ "ಎಷ್ಟು ಹೇಳಿದರೂ ಕೇಳಲ್ಲ ಜನ" ಅಂತ ತಪ್ಪನ್ನು ಅವನ ತಲೆಗೇ ಕಟ್ಟುವುದು.

ಈ ಪಾಠ ಹಳಸಿದೆ. ನಕಲಿ ಮೇಲ್ ಬರೆಯುವವರು ಈಗ ಸ್ಪೆಲಿಂಗ್ ತಪ್ಪು ಮಾಡುವುದಿಲ್ಲ. ಬ್ಯಾಂಕಿನ ಲಾಂಛನ, ಬಣ್ಣ, ಕೊನೆಯಲ್ಲಿನ ಸಣ್ಣಕ್ಷರದ ಸೂಚನೆ ಎಲ್ಲವನ್ನೂ ಎತ್ತಿ ಅಂಟಿಸುತ್ತಾರೆ. ಕಣ್ಣಿನ ಪರೀಕ್ಷೆಯಲ್ಲಿ ಪಾಸಾಗುವ ಹಾಗೇ ಅದನ್ನು ತಯಾರಿಸಿರುತ್ತಾರೆ. ಓದು ಬರಹ ಎಷ್ಟಿದ್ದರೂ ಸಾಲದ ಜಾಗ ಇದು.

ಆದರೆ ಯಾರ ಇಂಗ್ಲಿಷೂ ಬೇಡದ ಇನ್ನೊಂದು ಪರೀಕ್ಷೆ ಇದೆ. ಪತ್ರ ಯಾವ ಬಾಗಿಲಿಗೆ ಬಂತು ಅಂತ ನೋಡುವುದು. ಬ್ಯಾಂಕಿಗೆ ಮಾತ್ರ ಗೊತ್ತಿರುವ ಒಂದು ಇಮೇಲ್ ವಿಳಾಸ ನಿಮ್ಮ ಹತ್ತಿರ ಇದ್ದರೆ, ನೀವು ದಿನಾ ಬಳಸುವ ಇನ್ನೊಂದು ವಿಳಾಸಕ್ಕೆ ಬಂದ "ಬ್ಯಾಂಕ್ ಮೇಲ್" ಓದುವ ಮೊದಲೇ ಸುಳ್ಳು. ಬ್ಯಾಂಕಿಗೆ ಆ ವಿಳಾಸವೇ ಗೊತ್ತಿಲ್ಲ, ಕಳಿಸುವುದೆಲ್ಲಿಂದ ಬಂತು? ಒಳಗೆ ಏನು ಬರೆದಿದೆ, ಲಿಂಕ್ ಹೇಗಿದೆ ಅನ್ನುವ ಪ್ರಶ್ನೆಯೇ ಏಳುವುದಿಲ್ಲ. ಇಷ್ಟು ಸರಳವಾದದ್ದನ್ನು ಖಾತೆ ತೆರೆಯುವಾಗ ಒಬ್ಬ ಸಿಬ್ಬಂದಿಯೂ ಯಾಕೆ ಹೇಳುವುದಿಲ್ಲ ಅನ್ನುವುದು ನನ್ನ ತಕರಾರು. ಹೇಳುವುದಿರಲಿ, ಫಾರ್ಮಿನ ಇಮೇಲ್ ಕಾಲಂ ತುಂಬಿದರೆ ಸಾಕು ಅಂತ ಯಾರದ್ದೋ ವಿಳಾಸ ಬರೆದು ಮುಗಿಸುವುದನ್ನು ನಾವೆಲ್ಲ ನೋಡಿದ್ದೇವೆ.

ದಿನಬಳಕೆಯ ವಿಳಾಸ ಕಳ್ಳರಿಗೆ ಸಿಗುವುದು ಹೇಗೆ ಅಂದರೆ, ಕಷ್ಟಪಡದೆ. 2020ರ ಅಕ್ಟೋಬರ್‌ನಲ್ಲಿ ಬಿಗ್‌ಬಾಸ್ಕೆಟ್‌ನಿಂದ 2 ಕೋಟಿಗೂ ಹೆಚ್ಚು ಗ್ರಾಹಕರ ಮಾಹಿತಿ ಕಳುವಾಯಿತು. ಮೊದಲು ಮಾರಾಟಕ್ಕಿತ್ತು, ಮರುವರ್ಷದ ಏಪ್ರಿಲ್‌ನಲ್ಲಿ ಬಿಟ್ಟಿಯಾಗಿಯೇ ಸಿಗತೊಡಗಿತು. ಅದೇ ಏಪ್ರಿಲ್‌ನಲ್ಲಿ ಡಾಮಿನೋಸ್ ಇಂಡಿಯಾದ ಗ್ರಾಹಕರ ಮಾಹಿತಿಯೂ ಮಾರಾಟಕ್ಕೆ ಬಂತು. ಬಿಗ್‌ಬಾಸ್ಕೆಟ್ ಪಟ್ಟಿಯಲ್ಲಿ ಇಮೇಲ್, ಫೋನ್ ನಂಬರ್, ಮನೆ ವಿಳಾಸದ ಜತೆಗೆ ಹುಟ್ಟಿದ ದಿನಾಂಕವೂ ಇತ್ತು. ಇದನ್ನು ಗಮನಿಸಿ. ನಮ್ಮ ಹಲವು ಬ್ಯಾಂಕುಗಳು ತಿಂಗಳ ಸ್ಟೇಟ್‌ಮೆಂಟ್ ಪಿಡಿಎಫ್‌ಗೆ ಹಾಕುವ ಪಾಸ್‌ವರ್ಡ್ ಏನು? ಹೆಸರಿನ ನಾಲ್ಕು ಅಕ್ಷರವೋ ಫೋನಿನ ಕೊನೆಯ ಅಂಕಿಗಳೋ, ಜತೆಗೆ ಹುಟ್ಟಿದ ದಿನಾಂಕ. ದಿನಸಿ ಅಂಗಡಿಯ ಪಟ್ಟಿ ಕೈಯಲ್ಲಿರುವವನು ನಿಮ್ಮ ಮೇಲ್ ಒಳಗೂ ಹೊಕ್ಕರೆ ಆ ಬೀಗ ಬೀಗವೇ ಅಲ್ಲ. ಅವನಿಗೆ ಸಿಗುವುದು ದುಡ್ಡಲ್ಲ, ನಿಮ್ಮ ಲೆಕ್ಕ: ಯಾವ ಶಾಖೆ, ಎಷ್ಟು ಇದೆ, ಸಾಲದ ಕಂತು ಯಾವಾಗ. ಆಮೇಲೆ ಬರುವ ಫೋನ್ ಕರೆಯಲ್ಲಿ ಈ ವಿವರಗಳನ್ನೆಲ್ಲ ಅವನೇ ಒಪ್ಪಿಸುವಾಗ ಎಂಥವರೂ ನಂಬುತ್ತಾರೆ.

ಇಲ್ಲೊಂದು ಮಾತು ನಿಜ ಹೇಳಬೇಕು. ಪ್ರತ್ಯೇಕ ಮೇಲ್ ಮಾಡಿದರೆ ಖಾತೆ ಉಕ್ಕಿನ ಕೋಟೆಯಾಗುತ್ತದೆ ಅಂತ ಬರೆಯುವವರೂ ಇದ್ದಾರೆ, ಅದು ಅತಿ. ನಮ್ಮ ದೇಶದಲ್ಲಿ ಹಣ ಹೊರಗೆ ಹೋಗಬೇಕಾದರೆ ಬಹುತೇಕ ಮೊಬೈಲ್‌ಗೆ ಬರುವ ಓಟಿಪಿ ಅಥವಾ ಪಿನ್ ಬೇಕು. ಬರೀ ಇಮೇಲ್ ಹಿಡಿದು ಖಾತೆ ಬರಿದು ಮಾಡುವುದು ಸುಲಭವಲ್ಲ. ವಾಟ್ಸಾಪ್‌ನಲ್ಲಿ ಬರುವ ನಕಲಿ ಆ್ಯಪ್, ಎಸ್ಎಂಎಸ್, ಫೋನ್ ಕರೆಗಳನ್ನು ಈ ಉಪಾಯ ತಡೆಯುವುದೇ ಇಲ್ಲ. ತಪ್ಪು ಬಾಗಿಲಿಗೆ ಬಂದದ್ದು ಸುಳ್ಳು ಅನ್ನುವುದು ಖಚಿತ. ಆದರೆ ಸರಿಯಾದ ಬಾಗಿಲಿಗೆ ಬಂದದ್ದೆಲ್ಲ ನಿಜ ಅನ್ನುವ ಹಾಗಿಲ್ಲ, ಬ್ಯಾಂಕಿನ ಕಡೆಯಿಂದಲೂ ವಿಳಾಸ ಸೋರಬಹುದು. ಹಾಗಾಗಿ ಅಲ್ಲಿಗೆ ಬಂದ ಮೇಲ್‌ನ ಲಿಂಕನ್ನೂ ಒತ್ತದೆ, ಬ್ಯಾಂಕಿನ ಆ್ಯಪ್ ತೆರೆದೇ ನೋಡಬೇಕು. ವೆಬ್‌ಸೈಟ್ ಮೂಲಕ ಹೋಗುವವರಿಗೆ ಒಂದು ಗುರುತು: ಬ್ಯಾಂಕುಗಳ ಸೈಟುಗಳು `.bank.in` ಎಂಬ ಕೊನೆಗೆ ಬದಲಾಗಬೇಕೆಂದು ರಿಸರ್ವ್ ಬ್ಯಾಂಕ್ 2025ರ ಅಕ್ಟೋಬರ್ 31ರ ಗಡುವು ಕೊಟ್ಟಿತ್ತು.

ಮತ್ತೆ ಪ್ರತ್ಯೇಕ ಮೇಲ್ ಯಾಕೆ ಅಂದರೆ, ನಕಲಿ ಹಿಡಿಯುವುದರ ಜತೆಗೆ ಇನ್ನೊಂದು ಕಾರಣ ಇದೆ. ಅಸಲಿ ಮೇಲ್ ಕಣ್ಣಿಗೆ ಬೀಳಬೇಕು. ಗ್ರಾಹಕರ ಹೊಣೆಯ ಬಗ್ಗೆ ರಿಸರ್ವ್ ಬ್ಯಾಂಕ್ 2017ರ ಜುಲೈನಲ್ಲಿ ಹೊರಡಿಸಿದ ಸುತ್ತೋಲೆ ಓದಿ. ಬ್ಯಾಂಕಿನದೂ ನಿಮ್ಮದೂ ತಪ್ಪಿಲ್ಲದೆ ನಡುವೆ ಎಲ್ಲೋ ಸೋರಿ ಹಣ ಹೋಯಿತು ಅನ್ನಿ. ಬ್ಯಾಂಕಿನ ಸಂದೇಶ ಬಂದ 3 ಕೆಲಸದ ದಿನಗಳೊಳಗೆ ತಿಳಿಸಿದರೆ ನಿಮ್ಮ ಹೊಣೆ ಸೊನ್ನೆ. 4ರಿಂದ 7 ದಿನ ಆದರೆ ಸಾಮಾನ್ಯ ಉಳಿತಾಯ ಖಾತೆಯವರ ತಲೆಗೆ 10,000 ರೂಪಾಯಿವರೆಗೆ ಬರುತ್ತದೆ. ಅದಕ್ಕೂ ತಡವಾದರೆ ಬ್ಯಾಂಕಿನ ಆಡಳಿತ ಮಂಡಳಿಯ ನೀತಿ ಏನು ಹೇಳುತ್ತದೋ ಅದು. ದಿನ ಎಣಿಸುವುದು ಸಂದೇಶ ಬಂದಲ್ಲಿಂದ. ಆ ಸಂದೇಶ ನಿಮ್ಮ ಮೇಲ್‌ನಲ್ಲಿ ಸೀರೆ ಆಫರ್, ಮಾಕ್ ಟೆಸ್ಟ್, ಮ್ಯಾಟ್ರಿಮೊನಿ ನಡುವೆ ಹೂತುಹೋಗಿದ್ದರೆ ಎಣಿಕೆ ನಿಲ್ಲುವುದಿಲ್ಲ. ಇನ್ನು ಜಿಮೇಲ್‌ನಲ್ಲಿ ಫೋಟೊ, ವಿಡಿಯೊ ಎಲ್ಲ ಸೇರಿ ಜಾಗ ತುಂಬಿದರೆ ಹೊಸ ಮೇಲ್ ಬರುವುದೇ ನಿಲ್ಲುತ್ತದೆ. ಮದುವೆಯ ವಿಡಿಯೊದಿಂದಾಗಿ ಬ್ಯಾಂಕಿನ ಎಚ್ಚರಿಕೆ ವಾಪಸ್ ಹೋಗುವುದು ತಮಾಷೆಯಲ್ಲ.

ಮಾಡುವುದು ಹೇಗೆ? ನಮ್ಮ ಜತೆ ಓದಿದ, ಈಗ ತಾಲ್ಲೂಕು ಕೇಂದ್ರದಲ್ಲಿ ವರದಿ ಮಾಡುವ ಗೆಳತಿಯೊಬ್ಬಳು ಮಾಡಿಕೊಂಡದ್ದನ್ನೇ ಹೇಳುತ್ತೇನೆ. ಅವಳ ಹಳೆಯ ಮೇಲ್ ಐಡಿ ವಿಸಿಟಿಂಗ್ ಕಾರ್ಡಿನಲ್ಲಿದೆ, ಪತ್ರಿಕಾ ಹೇಳಿಕೆ ಕಳಿಸುವ ಎಲ್ಲ ಪಕ್ಷ, ಸಂಘಗಳ ಹತ್ತಿರ ಇದೆ. ಅದನ್ನು ಬಚ್ಚಿಡಲು ಸಾಧ್ಯವೇ ಇಲ್ಲ, ಬಚ್ಚಿಡಲೂ ಬಾರದು. ಹಾಗಾಗಿ ಹೊಸತೊಂದು ಖಾತೆ ತೆರೆದಳು. ಹೆಸರು, ಊರು, ಹುಟ್ಟಿದ ವರ್ಷ ಯಾವುದೂ ಇಲ್ಲದ ಐಡಿ. ಹೊಸ ಪಾಸ್‌ವರ್ಡ್, ಎರಡು ಹಂತದ ಲಾಗಿನ್, ಗೂಗಲ್ ಕೊಡುವ ಹತ್ತು ಬ್ಯಾಕಪ್ ಕೋಡ್‌ಗಳನ್ನು ಕಾಗದಕ್ಕೆ ಬರೆದು ಮನೆಯ ಪೆಟ್ಟಿಗೆಯಲ್ಲಿಟ್ಟಳು. ಬ್ಯಾಂಕಿನ ಶಾಖೆಗೆ ಹೋಗಿ ಇಮೇಲ್ ಬದಲಾವಣೆಯ ಅರ್ಜಿ ಕೊಟ್ಟಳು, ವಿಮೆಯ ಕಂಪನಿಗೂ ಅದನ್ನೇ ತಿಳಿಸಿದಳು. ಮುಂದಿನ ತಿಂಗಳ ಸ್ಟೇಟ್‌ಮೆಂಟ್ ಹೊಸ ವಿಳಾಸಕ್ಕೆ ಬಂದದ್ದನ್ನು ಕಣ್ಣಾರೆ ನೋಡಿದ ಮೇಲೆಯೇ ಹಳೆಯ ವಿಳಾಸಕ್ಕೆ ಬರುವ ಬ್ಯಾಂಕ್ ಮೇಲ್ ಸುಳ್ಳು ಅನ್ನುವ ನಿಯಮ ಜಾರಿಗೆ ತಂದಳು. ಈ ಕಾಯುವಿಕೆ ಮುಖ್ಯ. ಇಲ್ಲದಿದ್ದರೆ ಅಸಲಿಯನ್ನೇ ಅಳಿಸಿಬಿಡುವ ಅಪಾಯ ಇದೆ.

ಆ ಐಡಿಯಿಂದ ಅವಳು ಯಾರಿಗೂ ಮೇಲ್ ಬರೆಯುವುದಿಲ್ಲ, ಯಾವ ಆ್ಯಪ್‌ಗೂ "ಗೂಗಲ್ ಮೂಲಕ ಲಾಗಿನ್" ಒತ್ತುವುದಿಲ್ಲ. ಆದರೆ ಫೋನಿನಲ್ಲಿ ಅದರ ನೋಟಿಫಿಕೇಶನ್ ಆನ್ ಇದೆ. ಕಡಿಮೆ ಹಂಚುವುದು ಅಂದರೆ ಕಡಿಮೆ ನೋಡುವುದು ಅಲ್ಲ. ಎರಡು ವರ್ಷ ಮುಟ್ಟದ ಖಾತೆಯನ್ನು ಅಳಿಸುವ ನಿಯಮ ಗೂಗಲ್‌ನಲ್ಲಿದೆ. ಮಾಡಿ ಮರೆತರೆ ಬ್ಯಾಂಕಿನ ಬಾಗಿಲೇ ಮಾಯ.

ಇನ್ನು ಅಡ್ಡಹೆಸರುಗಳ ಮಾತು, ಅಂದರೆ ಅಲಿಯಾಸ್. ಜಿಮೇಲ್‌ನಲ್ಲಿ ನಿಮ್ಮ ಐಡಿಯ ಹೆಸರಿನ ನಂತರ, `@` ಗುರುತಿಗೆ ಮೊದಲು `+dinasi` ಅಂತ ಸೇರಿಸಿದರೂ ಮೇಲ್ ನಿಮಗೇ ಬರುತ್ತದೆ. ಮೊದಲೇ ಏನನ್ನೂ ಸೃಷ್ಟಿಸಬೇಕಿಲ್ಲ, ಅಂಗಡಿಯ ಫಾರ್ಮ್ ತುಂಬುವಾಗ ಬರೆದರೆ ಆಯಿತು. ಗೆಳತಿ ದಿನಸಿಗೆ `+dinasi`, ಮಾಕ್ ಟೆಸ್ಟ್ ಸೈಟಿಗೆ `+test` ಕೊಟ್ಟಿದ್ದಳು. ಒಂದು ದಿನ "ನಿಮ್ಮ ಕಾರ್ಡ್ ಬ್ಲಾಕ್ ಆಗಿದೆ" ಅಂತ ಬಂದ ಮೇಲ್‌ನಲ್ಲಿ ಕಳಿಸಿದವರ ಹೆಸರಿನ ಕೆಳಗಿನ ಬಾಣ ಒತ್ತಿ, ಯಾವ ವಿಳಾಸಕ್ಕೆ ಬಂದಿದೆ ನೋಡಿದಳು. `+test` ಇತ್ತು. ಕಾರ್ಡಿಗೂ ಮಾಕ್ ಟೆಸ್ಟ್‌ಗೂ ಏನು ನೆಂಟಸ್ತನ? ಮಾರಿಕೊಂಡರೋ ಕಳೆದುಕೊಂಡರೋ ಗೊತ್ತಿಲ್ಲ, ವಿಳಾಸ ಸೋರಿದ್ದು ಅಲ್ಲಿಂದ ಅನ್ನುವುದಂತೂ ಗೊತ್ತಾಯಿತು. ಆ ಅಡ್ಡಹೆಸರಿಗೆ ಬರುವುದೆಲ್ಲ ನೇರ ಕಸದಬುಟ್ಟಿಗೆ ಹೋಗುವಂತೆ ಒಂದು ಫಿಲ್ಟರ್ ಹಾಕಿದಳು.

ಆದರೆ ಇದನ್ನೇ ಗುಟ್ಟು ಕಾಪಾಡುವ ಮಂತ್ರ ಅಂತ ಸಾರುವ ವಿಡಿಯೊಗಳನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಪ್ಲಸ್ ಅನ್ನುವುದು ಗೋಣಿಚೀಲದ ಮೇಲಿನ ಚೀಟಿ ಇದ್ದ ಹಾಗೆ, ಕಿತ್ತರೆ ಹೋಯಿತು. `+` ನಂತರದ್ದನ್ನು ಅಳಿಸಿದರೆ ನಿಮ್ಮ ಮೂಲ ವಿಳಾಸ ಬತ್ತಲೆ. ಕೆಲವು ಸೈಟುಗಳು ಆ ಗುರುತನ್ನೇ ಒಪ್ಪುವುದಿಲ್ಲ. ಹಾಗಾಗಿ ದಿನಬಳಕೆಯ ಐಡಿಗೇ `+bank` ಸೇರಿಸಿ ಬ್ಯಾಂಕಿಗೆ ಕೊಡುವುದು ಪ್ರತ್ಯೇಕ ವಿಳಾಸ ಅಲ್ಲವೇ ಅಲ್ಲ. ಪೆಟ್ಟಿಗೆಯೂ ಒಂದೇ, ಕೀಲಿಯೂ ಒಂದೇ.

ಮೂಲ ವಿಳಾಸವನ್ನು ನಿಜವಾಗಿ ಮುಚ್ಚುವುದು ಬೇರೆ ಥರದ್ದು. ಫೈರ್‌ಫಾಕ್ಸ್ ರಿಲೇ ಉಚಿತವಾಗಿ ಐದು ಮುಖವಾಡ ವಿಳಾಸ ಕೊಡುತ್ತದೆ, ಡಕ್‌ಡಕ್‌ಗೋದವರು `@duck.com` ಕೊಡುತ್ತಾರೆ. ಅಲ್ಲಿಗೆ ಬಂದದ್ದು ನಿಮ್ಮ ಪೆಟ್ಟಿಗೆಗೆ ದಾಟುತ್ತದೆ, ಬೇಡವಾದಾಗ ಆ ವಿಳಾಸ ನಿಲ್ಲಿಸಬಹುದು. ಕೂಪನ್ನಿಗೆ, ಒಂದೇ ಸಲ ಬಳಸುವ ಆ್ಯಪ್‌ಗೆ ಇದು ಒಳ್ಳೆಯದು. ಬ್ಯಾಂಕಿಗೆ, ಸರ್ಕಾರಿ ಕೆಲಸದ ಅರ್ಜಿಗೆ, ಹಾಲ್‌ಟಿಕೆಟ್ ಬರುವ ಕಡೆಗೆ ಬೇಡ. ನಡುವೆ ಕೂತ ಕಂಪನಿ ನಾಳೆ ಸೇವೆ ಮುಚ್ಚಿದರೆ ನಿಮ್ಮ ಹಾಲ್‌ಟಿಕೆಟ್ ಯಾರನ್ನು ಕೇಳುತ್ತೀರಿ?

"ನಮ್ಮ ಅಪ್ಪನಿಗೆ ಇರುವ ಒಂದು ಮೇಲ್ ಐಡಿಯೇ ಗೊತ್ತಿಲ್ಲ, ಎರಡೆಲ್ಲಿ?" ಅನ್ನುವವರಿಗೆ ಒಂದು ಕೆಲಸ. ಅಪ್ಪನ ಖಾತೆಯಲ್ಲಿ ಯಾವ ಇಮೇಲ್ ಇದೆ ಅಂತ ಶಾಖೆಯಲ್ಲಿ ಅವರ ಮೂಲಕವೇ ಕೇಳಿಸಿ. ಬೆಳೆ ವಿಮೆಗೋ ಪಿಂಚಣಿಗೋ ಅರ್ಜಿ ಹಾಕಿದ ಸೈಬರ್ ಸೆಂಟರ್‌ನವರ ಐಡಿಯೇ ಅಲ್ಲೂ ಕೂತಿರುವ ಸಾಧ್ಯತೆ ಇದೆ. ಅಥವಾ ಅವರ ಕಂಪ್ಯೂಟರ್‌ನಲ್ಲಿ ತೆರೆದ, ಪಾಸ್‌ವರ್ಡ್ ಅವರ ನೋಟ್‌ಬುಕ್ಕಿನಲ್ಲಿರುವ ಐಡಿ. ಅವರಿಗೆ ಕೆಟ್ಟ ಉದ್ದೇಶ ಇಲ್ಲದೆ ಇರಬಹುದು, ಆದರೆ ಅಪ್ಪನ ಸ್ಟೇಟ್‌ಮೆಂಟ್ ಊರಿನ ಅಂಗಡಿಗೆ ಹೋಗುತ್ತಿದೆ, ಮೂರು ದಿನದ ಗಡುವು ಕೂಡ ಅಲ್ಲೇ ಶುರುವಾಗುತ್ತಿದೆ. ಅಪ್ಪನ ಹೆಸರಿನಲ್ಲಿ ಅವರದೇ ಫೋನಿನಲ್ಲಿ ಬ್ಯಾಂಕಿಗೆ ಮಾತ್ರ ಅಂತ ಒಂದು ಐಡಿ ತೆರೆಯಿರಿ, ಪಾಸ್‌ವರ್ಡ್ ಪಾಸ್‌ಬುಕ್ಕಿನಿಂದ ಬೇರೆ ಕಡೆ ಬರೆದಿಡಿ, ಇಮೇಲ್ ಬದಲಿಸುವ ಅರ್ಜಿಗೆ ಅವರ ಸಹಿ ಹಾಕಿಸಿ, ಸ್ವೀಕೃತಿಯ ಸೀಲು ತೆಗೆದುಕೊಂಡೇ ಹೊರಗೆ ಬನ್ನಿ.