ದನಿ ಏರಿಸಿ ಎಂಬ ಉಪದೇಶ ಇನ್ನು ಸಾಕು

ತಂಡದಲ್ಲಿ ಒಬ್ಬಳೇ ಹೆಣ್ಣಾಗಿರುವವಳಿಗೆ ಎಲ್ಲ ಕಡೆಯೂ ಸಿಗುವ ಸಲಹೆ ಒಂದೇ. ಇನ್ನೂ ಸ್ವಲ್ಪ ಗಟ್ಟಿಯಾಗಿ ಮಾತಾಡಿ, ಹಿಂಜರಿಯಬೇಡಿ, ಧೈರ್ಯವಾಗಿ ನಿಮ್ಮ ಜಾಗ ಹಿಡಿಯಿರಿ. ಕಂಪನಿಯ ತರಬೇತಿಯಲ್ಲೂ ಇದೇ, ಅಪ್ರೈಸಲ್‌ನಲ್ಲೂ ಇದೇ, ಹಿತ ಬಯಸುವ ಅಕ್ಕಂದಿರ ಬಾಯಲ್ಲೂ ಇದೇ. ಸಲಹೆ ಕೊಡುವವರ ಮನಸ್ಸು ಒಳ್ಳೆಯದಿರಬಹುದು, ಸಲಹೆ ಮಾತ್ರ ತಪ್ಪು. ಕೆಟ್ಟುಹೋಗಿರುವುದು ಮೀಟಿಂಗು, ಮದ್ದು ಕುಡಿಸುವುದು ಅವಳಿಗೆ.

ಗಟ್ಟಿ ದನಿಯಿಂದ ಇದು ಸರಿಹೋಗುವ ಹಾಗಿದ್ದರೆ ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ಎಂದೋ ಸರಿಹೋಗಬೇಕಿತ್ತು. ಅಲ್ಲಿನ ಮೌಖಿಕ ವಾದಗಳ ಲಿಖಿತ ದಾಖಲೆಗಳನ್ನು ಓದಿ ಟೋನ್ಯಾ ಜೇಕೊಬಿ ಮತ್ತು ಡಿಲನ್ ಶ್ವೇರ್ಸ್ 2017ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಒಂಬತ್ತು ಪೀಠಗಳಲ್ಲಿ ಮೂರರಲ್ಲಿ ಮಾತ್ರ ಮಹಿಳೆಯರಿದ್ದ ಕಾಲದಲ್ಲೂ ಪುರುಷ ನ್ಯಾಯಮೂರ್ತಿಗಳಿಗಿಂತ ಅವರ ಮಾತನ್ನೇ ಬಹಳ ಹೆಚ್ಚು ಸಲ ತುಂಡರಿಸಲಾಗುತ್ತಿತ್ತು. ತುಂಡರಿಸಿದವರಲ್ಲಿ ಸಹೋದ್ಯೋಗಿ ನ್ಯಾಯಮೂರ್ತಿಗಳಷ್ಟೇ ಅಲ್ಲ, ನ್ಯಾಯಮೂರ್ತಿ ಮಾತಾಡುವಾಗ ಸುಮ್ಮನಿರಬೇಕೆಂಬ ನಿಯಮವಿದ್ದ ವಕೀಲರೂ ಇದ್ದರು. ಆ ಮಹಿಳೆಯರು ಸುಮ್ಮನೆ ಕೂತಿರಲಿಲ್ಲ. ವರ್ಷ ಕಳೆದಂತೆ ‘ಕ್ಷಮಿಸಿ’, ‘ಒಂದು ಪ್ರಶ್ನೆ ಕೇಳಬಹುದೇ’ ಎಂಬ ಮರ್ಯಾದೆಯ ಪೀಠಿಕೆಗಳನ್ನು ಬಿಟ್ಟು ನೇರವಾಗಿ ಪ್ರಶ್ನೆಗೆ ಇಳಿಯುವುದನ್ನು ಕಲಿತಿದ್ದರು ಎಂಬುದನ್ನೂ ಅದೇ ಅಧ್ಯಯನ ತೋರಿಸಿತು. ಇಷ್ಟಾದರೂ ಅಂತರ ಹೋಗಲಿಲ್ಲ. ಏನಾದರೂ ಬದಲಾದದ್ದು 2021ರಲ್ಲಿ, ಕೋರ್ಟು ತನ್ನ ಪದ್ಧತಿಗೇ ಕೈಹಾಕಿದಾಗ. ವಕೀಲರ ಸಮಯ ಮುಗಿದ ಮೇಲೆ ಸೇವಾ ಹಿರಿತನದ ಪ್ರಕಾರ ಪ್ರತಿಯೊಬ್ಬ ನ್ಯಾಯಮೂರ್ತಿಗೂ ಪ್ರಶ್ನೆ ಕೇಳಲು ಒಂದು ಸರದಿ ಬಂತು. ಈ ಬದಲಾವಣೆಗೆ ಇಂಥ ಅಧ್ಯಯನಗಳೂ ಒಂದು ಕಾರಣ ಎಂದು ನ್ಯಾಯಮೂರ್ತಿ ಸೋನಿಯಾ ಸೊಟೊಮೇಯರ್ ಬಹಿರಂಗವಾಗಿಯೇ ಹೇಳಿದರು. ಜೀವನಪರ್ಯಂತ ಹುದ್ದೆ, ಮೈಮೇಲೆ ಕಪ್ಪು ನಿಲುವಂಗಿ ಇದ್ದವರಿಗೇ ಪದ್ಧತಿ ಬದಲಾಗಬೇಕಾಯಿತು. ಮೂರು ವರ್ಷ ಅನುಭವದ ಇಂಜಿನಿಯರ್‌ಗೆ ಮಾತ್ರ ನಾವು ‘ಆತ್ಮವಿಶ್ವಾಸ ಬೆಳೆಸಿಕೊಳ್ಳಮ್ಮ’ ಅನ್ನುತ್ತೇವೆ.

ಮಾತು ತುಂಡಾದರೆ ಅವಳಿಗೆ ಬೇಜಾರಾಗುತ್ತದೆ, ಅಷ್ಟೇ ತಾನೆ ಎಂದುಕೊಂಡವರಿಗೆ ಪುಣೆಯಲ್ಲಿ ನಾನು ಕೆಲಸ ಮಾಡುತ್ತಿದ್ದ ಒಂದು ತಂಡದ ಕಥೆ ಹೇಳಬೇಕು. ಎಂಟು ಗಂಡಸರು, ನಾನು. ನಮ್ಮದು ಹಣ ಪಾವತಿಯ ಸಾಫ್ಟ್‌ವೇರ್. ನೆಟ್‌ವರ್ಕ್ ನಿಧಾನವಿದ್ದಾಗ ಕೆಲವು ಗ್ರಾಹಕರ ಖಾತೆಯಿಂದ ಒಂದೇ ಬಿಲ್ಲಿಗೆ ಎರಡು ಸಲ ಹಣ ಕಡಿತವಾಗುತ್ತಿತ್ತು. ಕಾರಣ ಸರಳ. ಆಪ್ ಒಂದು ಕೋರಿಕೆ ಕಳಿಸುತ್ತದೆ, ಸರ್ವರ್ ಹಣ ಕಡಿದುಕೊಳ್ಳುತ್ತದೆ, ಉತ್ತರ ವಾಪಸ್ ಬರುವಷ್ಟರಲ್ಲಿ ಸಮಯ ಮೀರುತ್ತದೆ. ವಿಫಲವಾಯಿತೆಂದು ತಿಳಿದ ಆಪ್ ಅದೇ ಕೋರಿಕೆಯನ್ನು ಮತ್ತೆ ಕಳಿಸುತ್ತದೆ, ಸರ್ವರ್ ಅದನ್ನು ಹೊಸದೆಂದು ತಿಳಿಯುತ್ತದೆ.

ನಾನು ಹೇಳಹೊರಟದ್ದು ಎರಡು ವಾಕ್ಯ. ಪ್ರತಿ ಪಾವತಿಗೂ ಒಂದು ವಿಶಿಷ್ಟ ಕೀ ಕೊಡೋಣ, ಅದೇ ಕೀ ಎರಡನೇ ಸಲ ಬಂದರೆ ಸರ್ವರ್ ಹಣ ಕಡಿಯದೆ ಹಳೆಯ ಉತ್ತರವನ್ನೇ ಕೊಡಲಿ. ಇದು ಮೊದಲನೆಯದು. ಗ್ರಾಹಕ ‘ಪಾವತಿಸಿ’ ಒತ್ತಿದ ಕ್ಷಣದಲ್ಲಿ, ಮೊದಲ ಪ್ರಯತ್ನಕ್ಕೂ ಮುಂಚೆ, ಆ ಕೀ ಒಂದೇ ಸಲ ಹುಟ್ಟಬೇಕು ಎಂಬುದು ಎರಡನೆಯದು. ಮೊದಲ ವಾಕ್ಯ ಮುಗಿಯುವಷ್ಟರಲ್ಲಿ ಒಬ್ಬರು ‘ಅದು ಸರ್ವರ್ ಮೇಲೆ ಲೋಡ್ ಆಗುತ್ತೆ’ ಎಂದು ಬೇರೆ ವಿಷಯ ಎತ್ತಿಕೊಂಡರು. ‘ಇದನ್ನ ಆಮೇಲೆ ಆಫ್‌ಲೈನ್ ಮಾತಾಡೋಣ ಮೇಡಂ’ ಎಂದರು ಲೀಡ್. ಉಳಿದ ಎಂಟು ಮಂದಿ ಪರಸ್ಪರ ಹೆಸರು ಹಿಡಿದೇ ಕರೆಯುವ ತಂಡದಲ್ಲಿ ನಾನೊಬ್ಬಳು ಮಾತ್ರ ಮೇಡಂ, ಅದು ಬೇರೆ ಮಾತು. ಇಪ್ಪತ್ತು ನಿಮಿಷದ ನಂತರ ಇನ್ನೊಬ್ಬ ಸಹೋದ್ಯೋಗಿ ‘ರಿಕ್ವೆಸ್ಟ್ ಐಡಿ ಕಳಿಸಿ ಡೂಪ್ಲಿಕೇಟ್ ಚೆಕ್ ಮಾಡಿದ್ರೆ?’ ಎಂದ. ಎಲ್ಲರೂ ತಲೆಯಾಡಿಸಿದರು. ಮಿನಿಟ್ಸ್‌ನಲ್ಲಿ ಅವನ ಹೆಸರು ಬಂತು, ಕೆಲಸವೂ ಅವನಿಗೇ ಹೋಯಿತು.

ಅವನು ಕಳ್ಳನಲ್ಲ. ಅರ್ಧ ಕಿವಿಗೆ ಬಿದ್ದದ್ದು ಅವನ ತಲೆಯಲ್ಲಿ ಅವನದೇ ಯೋಚನೆಯಾಗಿ ಮೊಳೆತಿರಬಹುದು. ಆದರೆ ಅರ್ಧ ಮಾತ್ರ ಮೊಳೆತಿತ್ತು. ಮತ್ತೆ ಮತ್ತೆ ಪ್ರಯತ್ನಿಸುವ ಫಂಕ್ಷನ್ನಿನ ಒಳಗೇ ಅವನು ಕೀ ಹುಟ್ಟಿಸಿದ. ಹಾಗಾಗಿ ಪ್ರತಿ ಪ್ರಯತ್ನಕ್ಕೂ ಹೊಸ ಕೀ, ಸರ್ವರ್‌ಗೆ ಪ್ರತಿಯೊಂದೂ ಹೊಸ ಪಾವತಿ. ಟೆಸ್ಟ್‌ನಲ್ಲಿ ಒಂದೇ ಕೋರಿಕೆಯನ್ನು ಕೈಯಿಂದ ಎರಡು ಸಲ ಕಳಿಸಿ ನೋಡಿದ್ದರಿಂದ ಎಲ್ಲ ಪಾಸಾಯಿತು. ಬಿಡುಗಡೆಯಾದ ಮೇಲೂ ಎರಡೆರಡು ಸಲ ಹಣ ಹೋಗುತ್ತಲೇ ಇತ್ತು. ತುಂಡಾದದ್ದು ನನ್ನ ಎರಡನೇ ವಾಕ್ಯ, ಅದರ ಬಿಲ್ ಕಟ್ಟಿದವರು ಗ್ರಾಹಕರು. ಆ ವರ್ಷದ ಅಪ್ರೈಸಲ್‌ನಲ್ಲಿ ನನ್ನ ಬಗ್ಗೆ ‘ಚರ್ಚೆಗಳಲ್ಲಿ ಇನ್ನಷ್ಟು ಕಾಣಿಸಿಕೊಳ್ಳಬೇಕು’ ಎಂದು ಬರೆದಿದ್ದರು.

ಇದಕ್ಕೆ ಬರುವ ಆಕ್ಷೇಪ ನನಗೆ ಗೊತ್ತು. ನಮ್ಮ ಜನ ಮಾತಾಡುವುದೇ ಹಾಗಲ್ಲವೇ? ನಮ್ಮ ಮನೆಯ ಜಗಲಿಯಲ್ಲಿ ಐದು ಜನ ಸೇರಿದರೆ ಐವರೂ ಒಟ್ಟಿಗೇ ಮಾತಾಡುತ್ತಾರೆ, ಯಾರಿಗೂ ಅವಮಾನವಾಗುವುದಿಲ್ಲ. ನಿಜ. ಮಾತಿನ ಮೇಲೆ ಮಾತು ಬೀಳುವುದೆಲ್ಲ ತುಂಡರಿಸುವುದಲ್ಲ. ಭಾಷಾವಿಜ್ಞಾನಿ ಡೆಬೊರಾ ಟ್ಯಾನೆನ್ ಇದನ್ನು ಬಹಳ ಹಿಂದೆಯೇ ಬಿಡಿಸಿ ತೋರಿಸಿದ್ದಾರೆ. ಗುರುತಿಸುವುದೇನೂ ಕಷ್ಟವಲ್ಲ. ಹತ್ತು ಸೆಕೆಂಡ್ ಬಿಟ್ಟು ನೋಡಿ, ಮಾತು ಯಾರ ಕೈಯಲ್ಲಿದೆ? ‘ಹೌದ್ಹೌದು, ನಮ್ಮಲ್ಲೂ ಹಾಗೇ ಆಯ್ತು, ಆಮೇಲೆ?’ ಎಂದು ನಡುವೆ ಬಂದ ಚಿಕ್ಕಮ್ಮ ಮಾತನ್ನು ವಾಪಸ್ ಕೊಡುತ್ತಾಳೆ. ಮೀಟಿಂಗಿನಲ್ಲಿ ಅದು ವಾಪಸ್ ಬರುವುದಿಲ್ಲ. ನಡುವೆ ಬಂದವರು ವಿಷಯವನ್ನೇ ಬದಲಿಸಿರುತ್ತಾರೆ.

ಹೆಂಗಸರೇ ಒಬ್ಬರಿಗೊಬ್ಬರು ಬೆನ್ನಾಗಿ ನಿಲ್ಲಬಹುದಲ್ಲ ಎನ್ನುವವರೂ ಇದ್ದಾರೆ. ಒಬಾಮಾ ಆಡಳಿತದ ಶ್ವೇತಭವನದ ಮಹಿಳಾ ಸಿಬ್ಬಂದಿ ಹಾಗೆ ಮಾಡುತ್ತಿದ್ದರೆಂದು 2016ರಲ್ಲಿ ವರದಿಯಾಗಿತ್ತು. ಒಬ್ಬರು ಒಳ್ಳೆಯ ಸಲಹೆ ಕೊಟ್ಟರೆ ಇನ್ನೊಬ್ಬರು ಅದನ್ನು ಅವರ ಹೆಸರು ಹೇಳಿ ಮತ್ತೊಮ್ಮೆ ಹೇಳುವುದು. ಒಳ್ಳೆಯ ಉಪಾಯ, ಆದರೆ ಅದಕ್ಕೆ ಕನಿಷ್ಠ ಇಬ್ಬರು ಬೇಕು. ನಾನು ಹೇಳುತ್ತಿರುವುದು ಒಬ್ಬಳೇ ಇರುವವಳ ಕಥೆ.

ಹಾಗಾಗಿ ಕೆಲಸ ಲೀಡ್‌ನದು, ಅವಳದಲ್ಲ. ಯಾರಾದರೂ ನಡುವೆ ಬಂದರೆ ‘ಒಂದ್ನಿಮಿಷ, ಅವರು ಮುಗಿಸಲಿ’ ಎಂದು ಮೀಟಿಂಗ್ ನಡೆಸುವವನೇ ಹೇಳಬೇಕು. ಅವಳೇ ಹೇಳಿದರೆ ಜಗಳಗಂಟಿ, ಅವನು ಹೇಳಿದರೆ ಶಿಸ್ತು. ಈ ಅನ್ಯಾಯ ನಾಳೆಯೇ ಹೋಗುವುದಿಲ್ಲ, ಅದಕ್ಕೇ ಅವನು ಹೇಳಬೇಕು. ವಿನ್ಯಾಸದ ಪ್ರಸ್ತಾಪ ಯಾರದೇ ಇರಲಿ, ಹಿಂದಿನ ದಿನವೇ ಹೆಸರಿನ ಸಮೇತ ಒಂದು ಪುಟ ಬರೆದು ಹಂಚಬೇಕು, ಮೀಟಿಂಗಿನ ಮೊದಲ ಹತ್ತು ನಿಮಿಷ ಎಲ್ಲರೂ ಅದನ್ನು ಓದಬೇಕು. ಬರೆದ ವಾಕ್ಯವನ್ನು ಯಾರೂ ನಡುವೆ ತುಂಡರಿಸಲಾರರು. ನನ್ನ ಎರಡನೇ ವಾಕ್ಯ ಕಾಗದದ ಮೇಲಿದ್ದಿದ್ದರೆ ಆ ಕೀ ಸರಿಯಾದ ಜಾಗದಲ್ಲೇ ಹುಟ್ಟುತ್ತಿತ್ತು. ಮಿನಿಟ್ಸ್‌ನಲ್ಲಿ ‘ಮಾಡುವವರು’ ಎಂಬ ಕಾಲಂ ಪಕ್ಕ ‘ಮೊದಲು ಹೇಳಿದವರು’ ಎಂಬ ಇನ್ನೊಂದು ಕಾಲಂ ಇರಲಿ. ಮಿನಿಟ್ಸ್ ಬರೆಯುವ ಕೆಲಸ ಸರದಿಯಂತೆ ಎಲ್ಲರಿಗೂ ಹೋಗಲಿ, ಪ್ರತಿ ಸಲ ಅವಳಿಗೇ ಬೇಡ. ಬರೆಯುತ್ತಾ ಕೂತವಳಿಗೆ ಮಾತಾಡಲು ಪುರುಸೊತ್ತೆಲ್ಲಿ?

ಇದಕ್ಕೂ ಮಿತಿಯಿದೆ. ಮಾತು ತುಂಡರಿಸುವವನು ಲೀಡೇ ಆಗಿದ್ದರೆ ಕಾಲಂ, ಕಾಗದ ಯಾವುದೂ ಉಪಯೋಗಕ್ಕೆ ಬರುವುದಿಲ್ಲ. ಆಗ ವಿಷಯ ಅವನ ಮೇಲಿನವರ ಮುಂದೆ ಹೋಗಬೇಕು, ದೂರಿನ ರೂಪದಲ್ಲಲ್ಲ, ಲೆಕ್ಕದ ರೂಪದಲ್ಲಿ. ನಾಲ್ಕು ಮೀಟಿಂಗಿನ ರೆಕಾರ್ಡಿಂಗ್ ತೆಗೆದು, ಯಾರ ಮಾತು ಎಷ್ಟು ಸಲ ನಿಂತಿತು, ಎಷ್ಟು ಸಲ ವಾಪಸ್ ಬಂತು ಎಂದು ಎಣಿಸಿದರೆ ಸಾಕು. ಆ ಎಣಿಕೆಯನ್ನೂ ಅವಳ ಕೈಯಲ್ಲೇ ಮಾಡಿಸಬೇಡಿ.