ಊರಲ್ಲೊಂದು ಜಿನಸಿನ ಅಂಗಡಿ: ಎರಡೂವರೆ ಲಕ್ಷದ ಲೆಕ್ಕ



ಗಲ್ಫಿನಿಂದ ಮರಳಿ ಬಂದವರು ನಮ್ಮ ಧರ್ಮಕೇಂದ್ರಗಳಲ್ಲಿ ಹಲವರಿದ್ದಾರೆ. ಮಕ್ಕಳು ಶಾಲೆಗೆ ಹೋದ ಮೇಲೆ ಮನೆಯಲ್ಲಿ ಸುಮ್ಮನೆ ಕೂರಲಾರದ ತಾಯಂದಿರೂ ಇದ್ದಾರೆ. “ಮನೆ ಹತ್ತಿರ ಸಣ್ಣ ಜಿನಸಿನ ಅಂಗಡಿ ಇಟ್ಟರೆ ಹೇಗೆ?” ಎಂದು ಇವರು ಕೇಳುವುದುಂಟು. ಇಡಬಹುದು. ಆದರೆ ಮೊದಲು ಕಾಗದದ ಮೇಲೆ ಇಟ್ಟು ನೋಡಬೇಕು. ಈ ತಿಂಗಳು ಅದನ್ನೇ ಮಾಡೋಣ.

ಮಂಜೇಶ್ವರ, ಕುಂಬಳೆ ಕಡೆಯ ಒಳರಸ್ತೆಯ ಒಂದು ಜಂಕ್ಷನ್ ಎಂದಿಟ್ಟುಕೊಳ್ಳಿ. ಶಟರ್ ಇರುವ ಒಂದು ಕೋಣೆ. ಗಂಡ ಹೆಂಡತಿ ಇಬ್ಬರೂ ಕುಳಿತುಕೊಳ್ಳುತ್ತಾರೆ, ಸಂಬಳದ ಆಳಿಲ್ಲ. ಕೈಯಲ್ಲಿರುವುದು 2,50,000 ರೂಪಾಯಿ. ಇಲ್ಲಿ ಕೊಡುವ ದರಗಳು ನಾವು ಲೆಕ್ಕಕ್ಕೆಂದು ಹಿಡಿದವು; ನಿಮ್ಮ ಊರಿನ ದರವನ್ನು ಅವುಗಳ ಜಾಗದಲ್ಲಿ ಬರೆದುಕೊಳ್ಳಿ.

ಕೋಣೆಗೆ ಮುಂಗಡ 25,000, ಮೊದಲ ತಿಂಗಳ ಬಾಡಿಗೆ 4,000. ಬಣ್ಣ, ವಯರಿಂಗ್, ಬೋರ್ಡು, ಬೀಗಕ್ಕೆ 16,000. ಕಬ್ಬಿಣದ ಆರು ರ‍್ಯಾಕುಗಳಿಗೆ 21,000, ಮೇಜಿಗೆ 7,000, ಸೀಲು ಹಾಕಿಸಿದ ಎಲೆಕ್ಟ್ರಾನಿಕ್ ತಕ್ಕಡಿಗೆ 6,000, ಡಬ್ಬಿ, ಡ್ರಮ್ಮು, ಅಳತೆಯ ಸಾಮಾನುಗಳಿಗೆ 4,000. ಲೈಸೆನ್ಸು, ಕರಾರು ಪತ್ರ, ಓಡಾಟಕ್ಕೆ 5,000. ಇಷ್ಟಕ್ಕೇ 88,000 ಆಯಿತು, ಒಂದು ಕಿಲೋ ಅಕ್ಕಿಯೂ ಇನ್ನೂ ಬಂದಿಲ್ಲ.

ಉಳಿದದ್ದು 1,62,000. ಹೆಚ್ಚಿನವರು ಇಲ್ಲಿ ಅಷ್ಟನ್ನೂ ಸಾಮಾನಿಗೆ ಹಾಕಿಬಿಡುತ್ತಾರೆ. ಪಾದ್ರಿಯವರು ಬಂದು ಆಶೀರ್ವದಿಸುವ ದಿನ ಅಂಗಡಿ ತುಂಬಿ ತುಳುಕಬೇಕೆಂಬ ಆಸೆ ಸಹಜವೇ. ಮೂರನೆಯ ತಿಂಗಳಿಗೆ ಅದೇ ರ‍್ಯಾಕು ಅರ್ಧ ಖಾಲಿ. ಗಿರಾಕಿಗಳು ಬಾರದೆ ಹೀಗಾಗುವುದಲ್ಲ. ಹೋದ ಸಾಮಾನನ್ನು ಪುನಃ ತರಲು ಕೈಯಲ್ಲಿ ಹಣವಿಲ್ಲ, ಹೋಗದ ಸಾಮಾನು ರ‍್ಯಾಕಿನಲ್ಲೇ ಇದೆ. ಆದುದರಿಂದ ಮೊದಲ ಸಾಮಾನಿಗೆ 90,000 ಮಾತ್ರ ಹಾಕಿ, 72,000 ಬ್ಯಾಂಕಿನಲ್ಲಿ ಉಳಿಸಿ ಎಂಬುದು ನಮ್ಮ ಅಭಿಪ್ರಾಯ.

ಆ 72,000 ಯಾಕೆ? ಬಾಡಿಗೆ, ಕರೆಂಟು, ಸಾಮಾನು ತರುವ ರಿಕ್ಷಾ ಬಾಡಿಗೆ ಎಲ್ಲ ಸೇರಿ ತಿಂಗಳಿಗೆ 7,000 ಎಂದರೆ ಮೂರು ತಿಂಗಳಿಗೆ 21,000. ಇನ್ನು 25,000 ಉದ್ರಿಗೆ. ಉದ್ರಿ ಕೊಡುವುದಿಲ್ಲ ಎಂದು ಬೋರ್ಡು ಹಾಕಬಹುದು. ಆದರೆ ಒಂದೇ ವಾಳೆಯ ನೆರೆಮನೆಯವರು ಮಳೆಗಾಲದಲ್ಲಿ, ಕೂಲಿ ಇಲ್ಲದ ವಾರ, ಎರಡು ಕಿಲೋ ಅಕ್ಕಿ ಕೇಳಿದರೆ ಬೋರ್ಡು ತೋರಿಸಲು ಯಾರಿಗೂ ಮನಸ್ಸು ಬಾರದು. ದಿನಕ್ಕೆ 4,000 ವ್ಯಾಪಾರದಲ್ಲಿ ಕಾಲು ಭಾಗ ಉದ್ರಿಯಾದರೆ ತಿಂಗಳ 26 ದಿನಕ್ಕೆ 26,000 ಹೊರಗೆ ಸಿಕ್ಕಿಕೊಂಡಿರುತ್ತದೆ. ಉಳಿದ 26,000 ಸಾಮಾನು ಪುನಃ ತುಂಬಿಸಲು.

ಸಾಮಾನು ಕೊಳ್ಳುವಾಗ ಬಗೆ ಹೆಚ್ಚಿರಲಿ, ರಾಶಿ ಕಡಿಮೆ ಇರಲಿ. ಕುಚ್ಚಲಕ್ಕಿ, ಸಕ್ಕರೆಗಳಲ್ಲಿ ಸಿಗುವ ಲಾಭ ತೀರಾ ತೆಳು. ಮೇಲಾಗಿ ರೇಷನ್ ಅಂಗಡಿ ಮತ್ತು ಮಾವೇಲಿ ಸ್ಟೋರಿನ ರಿಯಾಯಿತಿ ದರದೊಂದಿಗೆ ಸ್ಪರ್ಧಿಸಲು ನಮ್ಮಿಂದಾಗದು. ಆದರೂ ಅಕ್ಕಿ ಇಲ್ಲದ ಅಂಗಡಿಗೆ ಯಾರೂ ಬರರು. ಹಾಗಾಗಿ ನಾಲ್ಕೈದು ಚೀಲ ಸಾಕು. ಬೇಳೆ, ಮೆಣಸು, ಕೊತ್ತಂಬರಿ, ಜೀರಿಗೆಯಂಥವನ್ನು ಬಿಡಿಯಾಗಿ ತೂಗಿ ಮಾರಿದರೆ ಲಾಭ ಮೇಲು. ತೆಂಗಿನೆಣ್ಣೆಯ ಬೆಲೆ 2025ರಲ್ಲಿ ಲೀಟರಿಗೆ 400 ರೂಪಾಯಿ ದಾಟಿತ್ತು. ಇಂಥ ಸಾಮಾನನ್ನು ಡಜನುಗಟ್ಟಲೆ ತಂದಿಟ್ಟರೆ ಹಣ ಅಲ್ಲೇ ಕಟ್ಟಿಬೀಳುತ್ತದೆ, ಬೆಲೆ ಇಳಿದರೆ ನಷ್ಟವೂ ನಮ್ಮದೇ. ಸಣ್ಣ ಪ್ಯಾಕೆಟುಗಳೇ ಮೇಲು. ಬಿಸ್ಕತ್ತು, ಸಾಬೂನುಗಳಿಗೆ ಲೈನ್ ವ್ಯಾನು ವಾರ ವಾರ ಬರುತ್ತದೆ. ತಾರೀಕು ಮುಗಿದದ್ದನ್ನು ವಾಪಸು ತೆಗೆದುಕೊಳ್ಳುತ್ತೀರಾ ಎಂದು ಮೊದಲ ಬಿಲ್ಲಿನಲ್ಲೇ ಕೇಳಿ, ಬರೆಸಿಕೊಳ್ಳಿ.

ಮಂಗಳೂರಿನ ಬಂದರಿನಲ್ಲಿ ಸಗಟು ದರ ಅಗ್ಗವೆಂದು ಅಲ್ಲಿಗೆ ಹೋಗುವವರಿದ್ದಾರೆ. ಟೆಂಪೋ ಬಾಡಿಗೆಯನ್ನು ಕಿಲೋ ಮೇಲೆ ಹಂಚಿ ನೋಡಿ. ಅರ್ಧ ಟೆಂಪೋ ಸಾಮಾನಿಗೆ ಆ ಉಳಿತಾಯ ದಾರಿಯಲ್ಲೇ ಮುಗಿಯಬಹುದು. ಇಬ್ಬರು ಮೂವರು ಅಂಗಡಿಯವರು ಸೇರಿ ತರಿಸಿದರೆ ಗಿಟ್ಟೀತು. ಬಿಲ್ಲಿಲ್ಲದೆ ಮಾತ್ರ ತರಬೇಡಿ, ಮಧ್ಯದಲ್ಲಿ ರಾಜ್ಯದ ಗಡಿ ಇದೆ.

ಲೈಸೆನ್ಸಿನ ಹಣ ಸಣ್ಣದು, ತೊಡಕು ದೊಡ್ಡದು. ಪಂಚಾಯತು ಲೈಸೆನ್ಸಿಗೆ ಕರಾರು ಪತ್ರ, ಕಟ್ಟಡ ತೆರಿಗೆಯ ರಶೀದಿ ಕೇಳುತ್ತಾರೆ. ಕೋಣೆಯ ನಂಬ್ರ ವ್ಯಾಪಾರದ ಉಪಯೋಗಕ್ಕೆ ದಾಖಲಾಗಿದೆಯೇ, ತೆರಿಗೆ ಬಾಕಿ ಇದೆಯೇ ಎಂದು ಪಂಚಾಯತಿನಲ್ಲಿ ವಿಚಾರಿಸಿದ ನಂತರವೇ ಮುಂಗಡ ಕೊಡಿ. ಮುಂಗಡ ಕೊಟ್ಟ ಮೇಲೆ ತೊಡಕು ಗೊತ್ತಾದರೆ ಅಂಗಡಿ ತೆರೆಯದೆಯೇ ಬಾಡಿಗೆ ಓಡುತ್ತಿರುತ್ತದೆ. ಕರಾರು ಪತ್ರ ಮಲಯಾಳದಲ್ಲಿದ್ದರೆ, ಓದಬಲ್ಲವರಿಂದ ಪೂರ್ತಿ ಓದಿಸಿ ಕೇಳಿ: ಮುಂಗಡ ಯಾವಾಗ ವಾಪಸು, ಬಾಡಿಗೆ ಎಷ್ಟು ಏರುತ್ತದೆ, ಬಿಡಿಸಬೇಕಾದರೆ ಎಷ್ಟು ತಿಂಗಳ ನೋಟಿಸು. ಆಹಾರ ಸುರಕ್ಷತೆಯ ಎಫ್.ಎಸ್.ಎಸ್.ಎ.ಐ. ನೋಂದಣಿಯೂ ಬೇಕು. ಎಲೆಕ್ಟ್ರಾನಿಕ್ ತಕ್ಕಡಿಯ ಸೀಲನ್ನು ವರ್ಷಕ್ಕೊಮ್ಮೆ ನವೀಕರಿಸಬೇಕು. ಬೇಳೆಯನ್ನು ಮೊದಲೇ ತೂಗಿ ಪ್ಯಾಕ್ ಮಾಡಿಟ್ಟರೆ ಅದರ ಮೇಲೆ ತೂಕ, ದರ, ತಾರೀಕು ಮುಂತಾದ ವಿವರ ಮುದ್ರಿಸುವ ನಿಯಮ ಬರುತ್ತದೆ. ಗಿರಾಕಿಯ ಎದುರೇ ತೂಗಿ ಕೊಡುವುದು ಸುಲಭ. ಹಾಂ, ಕೇರಳದಲ್ಲಿ 2020ರ ಜನವರಿಯಿಂದ ಪ್ಲಾಸ್ಟಿಕ್ ಕೈಚೀಲ ನಿಷೇಧವಿದೆ, ಕಾಗದದ ಚೀಲದ ಖರ್ಚನ್ನು ಮರೆಯಬೇಡಿ.

ಈಗ ಮುಖ್ಯ ಪ್ರಶ್ನೆ: ಈ ಅಂಗಡಿ ಕುಟುಂಬವನ್ನು ಸಾಕೀತೇ? ಎಲ್ಲ ಸಾಮಾನು ಸೇರಿಸಿ ನೂರಕ್ಕೆ ಹತ್ತು ರೂಪಾಯಿ ಉಳಿಯುತ್ತದೆ ಎಂದು ಹಿಡಿಯೋಣ. ತಿಂಗಳ 7,000 ಖರ್ಚು ಹುಟ್ಟಲು ಮಾತ್ರವೇ 70,000 ವ್ಯಾಪಾರ ಆಗಬೇಕು. ಮನೆಗೆ 12,000 ಬೇಕಾದರೆ ಒಟ್ಟು 1,90,000. ಭಾನುವಾರ ಮುಚ್ಚಿದರೆ ದಿನಕ್ಕೆ ಸುಮಾರು 7,300. ಒಂದು ಮನೆ ತಿಂಗಳಿಗೆ 2,000 ರೂಪಾಯಿಯ ಸಾಮಾನು ನಿಮ್ಮಲ್ಲಿ ಕೊಂಡರೆ 95 ಮನೆಗಳು ಬೇಕು. ಮುಂಗಡ ಕೊಡುವ ಮೊದಲು ಆ ಜಂಕ್ಷನಿನಿಂದ ನಡೆದು ಬರುವಷ್ಟು ದೂರದ ಮನೆಗಳನ್ನು ಎಣಿಸಿ, ಈಗ ಅವರು ಎಲ್ಲಿ ಕೊಳ್ಳುತ್ತಿದ್ದಾರೆಂದು ಕೇಳಿ. ಅರುವತ್ತೇ ಮನೆ, ಅದರಲ್ಲೂ ಇನ್ನೊಂದು ಅಂಗಡಿ ಇದೆ ಎಂದಾದರೆ ಆ ಜಾಗ ಬೇಡ.

ದಿನಕ್ಕೆ 4,000ದ ವ್ಯಾಪಾರದಲ್ಲಿ ಖರ್ಚು ಕಳೆದು ತಿಂಗಳಿಗೆ ಉಳಿಯುವುದು ಸುಮಾರು 3,400. ಅಂದರೆ ಮೊದಲ ತಿಂಗಳುಗಳಲ್ಲಿ ಮನೆ ಬೇರೆ ಆದಾಯದಿಂದ ನಡೆಯಬೇಕು. ಮನೆಗೆ ಒಯ್ಯುವ ಸಕ್ಕರೆ, ಚಾಹುಡಿಯನ್ನೂ ಪುಸ್ತಕದಲ್ಲಿ ಬರೆಯಿರಿ. ತಿಂಗಳ ಕೊನೆಯ ದಿನ ರ‍್ಯಾಕಿನ ಸಾಮಾನಿನ ಅಸಲು ಬೆಲೆ, ಉದ್ರಿ, ಕೈಯಲ್ಲೂ ಬ್ಯಾಂಕಿನಲ್ಲೂ ಇರುವ ಹಣ ಇಷ್ಟನ್ನೂ ಕೂಡಿಸಿ, ವ್ಯಾನಿನವರಿಗೆ ಕೊಡಬೇಕಾದ ಬಾಕಿ ಕಳೆಯಿರಿ. ತೆರೆದ ದಿನ ಇದು 1,62,000 ಇತ್ತು. ಹೊರಗಿನಿಂದ ಹಣ ಹಾಕದೆ, ಮನೆಗೆ ತೆಗೆಯದೆ ಅದು 1,50,000ಕ್ಕೆ ಇಳಿದಿದ್ದರೆ ಎಲ್ಲೋ ಸೋರುತ್ತಿದೆ: ಹಾಳಾದ ಸಾಮಾನು, ಬರೆಯದ ಉದ್ರಿ, ಇಲ್ಲವೇ ಸಾಲದ ಲಾಭ. ಒಟ್ಟು ಮೊತ್ತ ಇಳಿಯದೆ ಉದ್ರಿ ಮಾತ್ರ ಏರುತ್ತಿದ್ದರೆ, ಹೊಸ ಸಾಮಾನು ತರುವ ಮೊದಲು ಸಂಜೆ ನಾಲ್ಕು ಮನೆಗೆ ನಡೆದು ಬರುವುದು ಒಳ್ಳೆಯದು.