‘ಡಬಲ್ ಚಾನ್ಸ್’ ಹಾಕಿದರೆ ಸೋಲೇ ಇಲ್ಲವೇ? ಒಂದೇ ಪಂದ್ಯಕ್ಕೆ ಬೇರೆ ಬೇರೆ ರೇಟು ಬರುವುದು ಹೀಗೆ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಕಡೆಯವರಿಗೆ ಫುಟ್‌ಬಾಲ್ ಹೊಸ ಆಟವಲ್ಲ. ಪಕ್ಕದ ಕೊಲ್ಹಾಪುರದ ಶಾಹು ಸ್ಟೇಡಿಯಂನಲ್ಲಿ ಪಾಟಾಕಡೀಲ್ ತಾಲೀಮ್ ಮತ್ತು ದಿಲ್‌ಬಹಾರ್ ತಾಲೀಮ್ ತಂಡಗಳು ಎದುರಾದರೆ ನಿಪ್ಪಾಣಿಯ ಕಟ್ಟೆಯಲ್ಲೂ ಅದೇ ಮಾತು. ಆಟದ ಹುಚ್ಚು ಇರುವಲ್ಲಿಗೆ ಮೊಬೈಲ್‌ನಲ್ಲಿ ಬೆಟ್ಟಿಂಗ್ ‘ಟಿಪ್ಸ್’ ಕೂಡ ಬರುತ್ತವೆ. ಅವುಗಳಲ್ಲಿ ಪದೇ ಪದೇ ಕಾಣುವ ಮಾತು ಎರಡು: “ಡಬಲ್ ಚಾನ್ಸ್ ಹಾಕಿ, ಮೂರರಲ್ಲಿ ಎರಡು ನಿಮ್ಮದೇ” ಮತ್ತು “ಡ್ರಾ ನೋ ಬೆಟ್ ಹಾಕಿ, ಪಂದ್ಯ ಡ್ರಾ ಆದರೆ ದುಡ್ಡು ವಾಪಸ್”.

ಎರಡೂ ಮಾತು ಅರ್ಧ ನಿಜ. ಉಳಿದ ಅರ್ಧ ರೇಟಿನಲ್ಲಿ ಅಡಗಿದೆ.

ಇವು ಏನು?

ಫುಟ್‌ಬಾಲ್ ಪಂದ್ಯಕ್ಕೆ ಮೂರು ಫಲಿತಾಂಶ ಸಾಧ್ಯ: ಮೊದಲ ತಂಡದ ಗೆಲುವು, ಡ್ರಾ, ಎರಡನೇ ತಂಡದ ಗೆಲುವು. ಸ್ಕ್ರೀನ್ ಮೇಲೆ ಇವನ್ನು 1, X, 2 ಎಂದು ಬರೆಯುತ್ತಾರೆ. ಡಬಲ್ ಚಾನ್ಸ್ ಎಂದರೆ ಇವುಗಳಲ್ಲಿ ಯಾವುದಾದರೂ ಎರಡನ್ನು ಒಟ್ಟಿಗೆ ಹಿಡಿಯುವುದು. 1X ಹಾಕಿದವನಿಗೆ ಮೊದಲ ತಂಡ ಗೆದ್ದರೂ ಹಣ, ಡ್ರಾ ಆದರೂ ಹಣ. ಡ್ರಾ ನೋ ಬೆಟ್‌ನಲ್ಲಿ ನಿಮ್ಮ ತಂಡ ಗೆದ್ದರೆ ಮಾತ್ರ ಲಾಭ. ಡ್ರಾ ಆದರೆ ಹಾಕಿದಷ್ಟೇ ವಾಪಸ್, ಸೋತರೆ ಪೂರ್ತಿ ಹೋಯಿತು.

‘ಮೂರರಲ್ಲಿ ಎರಡು’ ಲೆಕ್ಕ ಏಕೆ ತಪ್ಪು?

ಮೂರು ಫಲಿತಾಂಶಗಳ ಸಾಧ್ಯತೆ ಸಮನಾಗಿರುವುದಿಲ್ಲ. ಒಂದು ಉದಾಹರಣೆ ನೋಡೋಣ. ಲೆಕ್ಕ ಸುಲಭವಾಗಲೆಂದು ದುಂಡು ಸಂಖ್ಯೆ ಇಟ್ಟುಕೊಂಡಿದ್ದೇವೆ. ಇಂಥ 100 ಪಂದ್ಯ ನಡೆದರೆ ಮೊದಲ ತಂಡ 45ರಲ್ಲಿ ಗೆಲ್ಲುತ್ತದೆ, 30 ಡ್ರಾ, ಎರಡನೇ ತಂಡಕ್ಕೆ 25 ಗೆಲುವು ಎನ್ನಿ.

ಬೆಟ್ಟಿಂಗ್ ಕಂಪನಿ ಇಟ್ಟ ರೇಟು ಹೀಗಿದೆ: ಮೊದಲ ತಂಡಕ್ಕೆ 2.10, ಡ್ರಾಗೆ 3.15, ಎರಡನೇ ತಂಡಕ್ಕೆ 3.80. ಅಂದರೆ ಮೊದಲ ತಂಡದ ಮೇಲೆ 100 ರೂಪಾಯಿ ಹಾಕಿ ಗೆದ್ದರೆ, ಹಾಕಿದ ನೂರೂ ಸೇರಿ 210 ರೂಪಾಯಿ ಕೈಗೆ ಬರುತ್ತದೆ. ನೂರು ಪಂದ್ಯಕ್ಕೂ ಹೀಗೆ ಹಾಕಿದರೆ ಕೊಟ್ಟಿದ್ದು 10,000, ಬಂದಿದ್ದು 45 ಸಲ 210, ಅಂದರೆ 9,450 ರೂಪಾಯಿ. ಉಳಿದ 550 ಕಂಪನಿಯ ಪಾಲು.

ಈಗ 1X ನೋಡೋಣ. ನೂರು ರೂಪಾಯಿಯನ್ನು ನೀವೇ ಒಡೆದು, 60 ಮೊದಲ ತಂಡದ ಮೇಲೆ, 40 ಡ್ರಾ ಮೇಲೆ ಹಾಕಿ. ತಂಡ ಗೆದ್ದರೆ 60ಕ್ಕೆ 2.10ರಂತೆ 126 ರೂಪಾಯಿ. ಡ್ರಾ ಆದರೆ 40ಕ್ಕೆ 3.15ರಂತೆ ಅದೂ 126 ರೂಪಾಯಿ. ಡಬಲ್ ಚಾನ್ಸ್ ಎಂದರೆ ಇಷ್ಟೇ: ನೀವು ಮಾಡಬಹುದಾಗಿದ್ದ ಎರಡು ಬೆಟ್‌ಗಳನ್ನು ಕಂಪನಿಯೇ ಒಂದು ಗಂಟು ಕಟ್ಟಿ 1.26 ಎಂದು ಬರೆದಿರುತ್ತದೆ. ಪಂದ್ಯ ಬದಲಾಗಿಲ್ಲ, ತಂಡಗಳ ಬಲವೂ ಬದಲಾಗಿಲ್ಲ.

ನೂರು ಪಂದ್ಯದಲ್ಲಿ ಈ ಬೆಟ್ 75 ಸಲ ಗೆಲ್ಲುತ್ತದೆ. ಕೈಗೆ ಬರುವುದು 75 ಸಲ 126, ಅಂದರೆ ಮತ್ತದೇ 9,450 ರೂಪಾಯಿ! ನಷ್ಟವೂ ಅದೇ 550. ಜನ ಮೋಸಹೋಗುವುದು ಇಲ್ಲಿಯೇ. ನಾಲ್ಕರಲ್ಲಿ ಮೂರು ಸಲ ಗೆಲ್ಲುತ್ತಿದ್ದರೆ ‘ನನಗೆ ಆಟ ಗೊತ್ತು’ ಅನ್ನಿಸುತ್ತದೆ. ಆದರೆ 1.26 ರೇಟಿನಲ್ಲಿ ಹಾಕಿದ ಹಣವಷ್ಟೇ ವಾಪಸ್ ಬರಬೇಕಾದರೂ 100ಕ್ಕೆ 79ಕ್ಕಿಂತ ಹೆಚ್ಚು ಸಲ ಗೆಲ್ಲಬೇಕು. ನಾಲ್ಕು ಗೆಲುವಿನಲ್ಲಿ ಸಿಗುವ ಲಾಭ ತಲಾ 26ರಂತೆ 104. ಅದು ಹೆಚ್ಚುಕಡಿಮೆ ಒಂದೇ ಸೋಲಿನಲ್ಲಿ ಹೋಗುತ್ತದೆ.

‘ದುಡ್ಡು ವಾಪಸ್’ ಪುಕ್ಕಟೆಯೇ?

ಅದೂ ಅಲ್ಲ. ಡ್ರಾ ಆದರೆ 100 ರೂಪಾಯಿ ವಾಪಸ್ ಬರಬೇಕು ಎಂದರೆ ಸುಮಾರು 32 ರೂಪಾಯಿಯನ್ನು ಡ್ರಾ ಮೇಲೆ ಇಡಬೇಕು, ಯಾಕೆಂದರೆ 3.15 ರೇಟಿನಲ್ಲಿ ಅದು ನೂರಾಗುತ್ತದೆ. ಉಳಿದ 68 ರೂಪಾಯಿ ಮೊದಲ ತಂಡಕ್ಕೆ. ತಂಡ ಗೆದ್ದರೆ ಬರುವುದು ಸುಮಾರು 143. ಹಾಗಾಗಿ ಇದೇ ಪಂದ್ಯದಲ್ಲಿ ಅದೇ ತಂಡದ ರೇಟು 2.10ರಿಂದ 1.43ಕ್ಕೆ ಇಳಿಯುತ್ತದೆ. ಡ್ರಾ ಆದಾಗ ಸಿಗುವ ‘ವಾಪಸ್’ ಹಣವನ್ನು ಗೆದ್ದಾಗ ಸಿಗಬೇಕಿದ್ದ ಹಣದಿಂದಲೇ ಮೊದಲೇ ಮುರಿದುಕೊಂಡಿರುತ್ತಾರೆ. ನೂರು ಪಂದ್ಯದ ಲೆಕ್ಕ ಹಾಕಿದರೆ ಇಲ್ಲೂ ನಷ್ಟ ಸುಮಾರು 550 ರೂಪಾಯಿಯೇ.

ಪರದೆಯ ಮೇಲಿನ ರೇಟು ಯಾವಾಗಲೂ ಈ ಲೆಕ್ಕಕ್ಕೆ ಸರಿಹೊಂದಬೇಕೆಂದೇನೂ ಇಲ್ಲ. ನಮ್ಮ ಉದಾಹರಣೆಯಲ್ಲಿ 1X ಎದುರು 1.26 ಬದಲು 1.22 ಎಂದಿದ್ದರೆ, ಗಂಟು ಕಟ್ಟಿದ್ದಕ್ಕೆ ಕಂಪನಿ ಹೆಚ್ಚುವರಿ ಕೂಲಿ ಹಿಡಿದಿದೆ ಎಂದರ್ಥ. ಆಗ ನೂರು ಪಂದ್ಯದ ನಷ್ಟ 550ರಿಂದ 850ಕ್ಕೆ ಏರುತ್ತದೆ. ‘ಸೇಫ್’ ಎಂಬ ಹೆಸರಿನ ಬೆಟ್ಟೇ ಹೆಚ್ಚು ದುಬಾರಿಯಾಗಿರುತ್ತದೆ.

ಕಪ್ ಗೆದ್ದರೂ ‘ಡ್ರಾ’!

ಇನ್ನೊಂದು ತಪ್ಪು ತಿಳಿವಳಿಕೆ ‘ಗೆಲುವು’ ಎಂಬ ಪದದ್ದು. 2023ರ ಮಾರ್ಚ್ 18ರಂದು ಗೋವಾದ ಫತೋರ್ಡಾ ಮೈದಾನದಲ್ಲಿ ಐಎಸ್‌ಎಲ್ ಫೈನಲ್ ನಡೆಯಿತು. ಬೆಂಗಳೂರು ಎಫ್‌ಸಿ ಮತ್ತು ಎಟಿಕೆ ಮೋಹನ್ ಬಗಾನ್ 2-2 ಸಮ ಮಾಡಿಕೊಂಡವು. ಹೆಚ್ಚುವರಿ ಸಮಯದಲ್ಲೂ ಗೋಲು ಬರಲಿಲ್ಲ. ಪೆನಾಲ್ಟಿ ಶೂಟೌಟ್‌ನಲ್ಲಿ ಮೋಹನ್ ಬಗಾನ್ 4-3ರಿಂದ ಗೆದ್ದು ಕಪ್ ಎತ್ತಿತು.

ಆದರೆ ಈ ಬಗೆಯ ಬೆಟ್‌ಗಳನ್ನು ಸಾಮಾನ್ಯವಾಗಿ 90 ನಿಮಿಷ ಮತ್ತು ರೆಫರಿ ಸೇರಿಸುವ ಇಂಜುರಿ ಟೈಮ್‌ಗೆ ಮಾತ್ರ ಲೆಕ್ಕ ಹಾಕುತ್ತಾರೆ. ಆ ನಿಯಮದ ಪ್ರಕಾರ ಈ ಫೈನಲ್ ಡ್ರಾ. ಮೋಹನ್ ಬಗಾನ್ ಮೇಲೆ ಡ್ರಾ ನೋ ಬೆಟ್ ಹಾಕಿದವನಿಗೆ, ಅವನ ತಂಡ ಕಪ್ ಹಿಡಿದಿದ್ದರೂ, ಹಾಕಿದ ಹಣವಷ್ಟೇ ವಾಪಸ್. ‘ಡ್ರಾ ಆಗಲ್ಲ, ಇಬ್ಬರಲ್ಲಿ ಒಬ್ಬರು ಗೆದ್ದೇ ಗೆಲ್ಲುತ್ತಾರೆ, ಫೈನಲ್ ಅಲ್ಲವೇ’ ಎಂದು 12 ಹಾಕಿದವನದು ಪೂರ್ತಿ ಹೋಯಿತು.

ಐದು ‘ಸೇಫ್’ ಸೇರಿದರೆ?

ಫಾರ್ವರ್ಡ್‌ಗಳ ಮುಂದಿನ ಸಲಹೆ, ಇಂಥ ಐದು ಬೆಟ್‌ಗಳನ್ನು ಒಂದೇ ಸರಪಳಿ ಮಾಡಿ ಎನ್ನುವುದು. 1.26ರ ಐದು ಸೇರಿದರೆ ರೇಟು ಸುಮಾರು 3.18 ಆಗುತ್ತದೆ, ನೋಡಲು ಆಕರ್ಷಕ. ಆದರೆ ತಲಾ 75 ಪ್ರತಿಶತದ ಐದೂ ಒಟ್ಟಿಗೆ ಗೆಲ್ಲುವ ಸಾಧ್ಯತೆ 24 ಪ್ರತಿಶತಕ್ಕಿಂತ ಕಡಿಮೆ. ಒಂದೊಂದೇ ಹಾಕಿದರೆ ನೂರಕ್ಕೆ ಐದೂವರೆ ರೂಪಾಯಿ ಇದ್ದ ಸರಾಸರಿ ನಷ್ಟ ಸರಪಳಿಯಲ್ಲಿ ಸುಮಾರು 25 ರೂಪಾಯಿಗೆ ಮುಟ್ಟುತ್ತದೆ.

ಫಾರ್ವರ್ಡ್ ಮಾಡುವ ಮುನ್ನ

ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುತ್ತದೆ. ಅವನ್ನು ನಡೆಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ ಇದೆ. ಜಾಹೀರಾತು ಮಾಡುವವರಿಗೆ 2 ವರ್ಷದವರೆಗೆ ಜೈಲು, 50 ಲಕ್ಷದವರೆಗೆ ದಂಡ. ಕಮಿಷನ್ ಆಸೆಗೆ ಆ್ಯಪ್‌ನ ಲಿಂಕ್ ಹಂಚುವವರು ಇದನ್ನು ನೆನಪಿಡಬೇಕು.

ನಮ್ಮ ತೀರ್ಮಾನ: ಡಬಲ್ ಚಾನ್ಸ್‌ನಲ್ಲಿ ಹೆಚ್ಚು ಸಲ ಗೆಲ್ಲಬಹುದು ಎಂಬುದು ನಿಜ. ಡ್ರಾ ನೋ ಬೆಟ್‌ನಲ್ಲಿ ಡ್ರಾ ಆದರೆ ಹಣ ಮರಳುತ್ತದೆ ಎಂಬುದೂ ನಿಜ. ಇವುಗಳಿಂದ ನಷ್ಟ ತಪ್ಪುತ್ತದೆ ಎಂಬುದು ಸುಳ್ಳು. ಸೋಲುವ ಸಾಧ್ಯತೆ ಎಷ್ಟು ಇಳಿಯಿತೋ ರೇಟೂ ಅದಕ್ಕೆ ತಕ್ಕಂತೆ ಇಳಿದಿರುತ್ತದೆ, ಕಂಪನಿಯ ಪಾಲು ಮಾತ್ರ ಹಾಗೇ ಉಳಿದಿರುತ್ತದೆ.